‘ದ್ವೈವಾರ್ಷಿಕ’ ಅಂದರೆ ಎಷ್ಟು ಸಲ?

ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರರಿಗಾಗಿ ಇಂಗ್ಲಿಷ್ ಕರಪತ್ರಗಳನ್ನು ಕನ್ನಡಕ್ಕೆ ತರುವ ಕೆಲಸ ಮಾಡುತ್ತೇನೆ. ರೋಗ, ಕೀಟಗಳ ಹೆಸರುಗಳು ನನ್ನನ್ನು ಅಷ್ಟಾಗಿ ಕಾಡಿಲ್ಲ. ತೊಡಕಾದದ್ದು ಕಾಲದ ಅವಧಿ ಹೇಳುವ ಪದಗಳು.

ಒಮ್ಮೆ ಅರೇಬಿಕಾ ಕುರಿತ ಕರಪತ್ರದಲ್ಲಿ ‘ಬಯೆನಿಯಲ್ ಬೇರಿಂಗ್’ ಎಂದಿತ್ತು. ನಿಘಂಟು ನೋಡಿ ‘ಅರೇಬಿಕಾಕ್ಕೆ ದ್ವೈವಾರ್ಷಿಕ ಫಸಲಿನ ಗುಣವಿದೆ’ ಎಂದು ಬರೆದೆ. ಅಚ್ಚಿಗೆ ಕೊಡುವ ಮೊದಲು ಪಕ್ಕದ ತೋಟದ ಹಿರಿಯರೊಬ್ಬರಿಗೆ ಓದಿ ಹೇಳಿದೆ. “ಅಲ್ಲಮ್ಮಾ, ಎರಡು ವರ್ಷಕ್ಕೊಂದು ಸಲ ಕಾಯಿ ಬಿಡುತ್ತೆ ಅಂತಲಾ ಇದರರ್ಥ? ನಾವು ಪ್ರತಿ ವರ್ಷ ಕೊಯ್ತೀವಲ್ಲ” ಎಂದರು. ಹಾಗಲ್ಲ, ಏರಿಳಿತದ ಮಾತು ಎಂದು ವಿವರಿಸಿದೆ. “ಓ, ಒಂದು ವರ್ಷ ಜಾಸ್ತಿ ಹಿಡಿದರೆ ಮರುವರ್ಷ ಕಮ್ಮಿ, ಅದಾ?” ಎಂದರು. ಅದೇ. ಕಾಫಿ ಹಿಂದಿನ ವರ್ಷ ಬೆಳೆದ ರೆಂಬೆಯ ಮೇಲೆ ಹೂ ಬಿಡುತ್ತದೆ. ಕಾಯಿ ತುಂಬಿಕೊಂಡ ವರ್ಷ ಗಿಡದ ಶಕ್ತಿಯೆಲ್ಲ ಹಣ್ಣಿಗೆ ಹೋಗಿ ಹೊಸ ರೆಂಬೆ ಸರಿಯಾಗಿ ಬೆಳೆಯುವುದಿಲ್ಲ, ಹಾಗಾಗಿ ಮುಂದಿನ ಫಸಲು ಕುಗ್ಗುತ್ತದೆ. ಕರಪತ್ರಕ್ಕೆ ಅವರ ಮಾತನ್ನೇ ಸ್ವಲ್ಪ ತಿದ್ದಿ ಹಾಕಿದೆ: ‘ಒಂದು ವರ್ಷ ಹೆಚ್ಚು ಫಸಲು ಬಂದರೆ ಮರುವರ್ಷ ಕಡಿಮೆ.’

ಆಮೇಲೆ ಹಳೆಯ ಅನುವಾದಗಳನ್ನೆಲ್ಲ ತೆಗೆದು ನೋಡಿದೆ. ಈ ಒಂದೇ ಇಂಗ್ಲಿಷ್ ಪದ ಮೂರು ಅರ್ಥದಲ್ಲಿ ಬಂದಿತ್ತು. ಮಣ್ಣು ಪರೀಕ್ಷೆಯ ಜೊತೆ ಬಂದಾಗ ಅದು ‘ಎರಡು ವರ್ಷಕ್ಕೊಮ್ಮೆ’. ಕ್ಯಾರೆಟ್, ಎಲೆಕೋಸಿನಂಥ ಗಿಡಗಳ ಜೊತೆ ಬಂದಾಗ ‘ಎರಡು ವರ್ಷದಲ್ಲಿ ಬಾಳು ಮುಗಿಸುವ’. ಇವು ಮೊದಲ ವರ್ಷ ಎಲೆ ಬೆಳೆಸಿ ಎರಡನೆಯ ವರ್ಷ ಹೂವಾಗಿ ಬೀಜ ಕಟ್ಟುತ್ತವೆ. ಕಾಫಿಯ ಜೊತೆ ಬಂದಾಗ ಏರಿಳಿತ. ಕನ್ನಡದಲ್ಲಿ ಈ ವ್ಯತ್ಯಾಸವನ್ನು ವಿಭಕ್ತಿಯೇ ತೋರಿಸುತ್ತದೆ: ‘ವರ್ಷಕ್ಕೊಮ್ಮೆ’ ಅಂದರೆ ಮತ್ತೆ ಮತ್ತೆ ಬರುವುದು, ‘ವರ್ಷದಲ್ಲಿ’ ಅಂದರೆ ಅಷ್ಟರೊಳಗೆ ಮುಗಿಯುವುದು. ‘ದ್ವೈವಾರ್ಷಿಕ’ ಎಂದು ಬರೆದ ಕೂಡಲೇ ಆ ವಿಭಕ್ತಿ ಮರೆಯಾಗುತ್ತದೆ. ಸಸ್ಯಶಾಸ್ತ್ರದ ಪಾಠದಲ್ಲಿ ಮಾತ್ರ ಅದನ್ನು ಉಳಿಸಿಕೊಂಡಿದ್ದೇನೆ, ಅಲ್ಲಿ ಅದರ ಅರ್ಥ ನೆಲೆಗೊಂಡಿದೆ.

ಇದಕ್ಕಿಂತ ಅಪಾಯದ್ದು ‘ಬಯಾನ್ಯುಯಲ್’. ನೋಡಲು ಹೆಚ್ಚುಕಡಿಮೆ ಒಂದೇ ಪದ, ಅರ್ಥ ಮಾತ್ರ ‘ವರ್ಷಕ್ಕೆ ಎರಡು ಸಲ’. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಬೋರ್ಡೋ ದ್ರಾವಣ ಹೊಡೆಯಿರಿ ಎನ್ನುವ ಕಡೆ ಅವಸರದಲ್ಲಿ ಒಂದನ್ನು ಇನ್ನೊಂದೆಂದು ಓದಿಕೊಂಡರೆ, ಎರಡು ವರ್ಷದಲ್ಲಿ ನಾಲ್ಕು ಸಲ ಹೊಡೆಯಬೇಕಾದ ಔಷಧಿ ಒಂದು ಸಲಕ್ಕೆ ಇಳಿಯುತ್ತದೆ.

‘ಫೋರ್ಟ್‌ನೈಟ್’ ಬಂದಾಗ ಲೆಕ್ಕ ಕೇಳಬೇಕು. ಇಂಗ್ಲಿಷಿನಲ್ಲಿ ಅದು ಹದಿನಾಲ್ಕು ರಾತ್ರಿ. ನಾವು ‘ಹದಿನೈದು ದಿನ’ ಎನ್ನುತ್ತೇವೆ, ಯಾಕೆಂದರೆ ಇವತ್ತನ್ನೂ ಸೇರಿಸಿ ಎಣಿಸುತ್ತೇವೆ. ‘ಎಂಟು ದಿನ ಬಿಟ್ಟು ಬಾ’ ಅಂದರೆ ಮುಂದಿನ ವಾರ ಇದೇ ದಿನ ಬಾ ಎಂದಲ್ಲವೆ? ‘ಪಕ್ಷ’ ಚಂದ್ರನ ಲೆಕ್ಕ, ಹದಿನೈದು ತಿಥಿ. ‘ಪಾಕ್ಷಿಕ’ ಪತ್ರಿಕೆಗಳಿಗೆ ಒಪ್ಪುವ ಮಾತು, ದುಡ್ಡಿನ ವಿಷಯದಲ್ಲಿ ಸಾಲದು. ಒಂದು ತೋಟದ ಮುಂಗಡ ಸಾಲದ ಪತ್ರದಲ್ಲಿ ‘ಪಾಕ್ಷಿಕ 500 ರೂಪಾಯಿ ಕಡಿತ’ ಎಂದು ಬರೆದಿದ್ದೆ. ತಿಂಗಳಿಗೆ ಎರಡು ಬಟವಾಡೆ ಎಂದು ತಿಳಿದರೆ ವರ್ಷಕ್ಕೆ 24 ಕಂತು, 12,000 ರೂಪಾಯಿ. ಎರಡು ವಾರಕ್ಕೊಮ್ಮೆ ಎಂದು ತಿಳಿದರೆ 26 ಕಂತು, 13,000. ಕೆಲಸದವರು ಒಂದು ಲೆಕ್ಕ, ತೋಟದ ಲೆಕ್ಕ ಬರೆಯುವ ರೈಟರ್ ಇನ್ನೊಂದು ಲೆಕ್ಕ ಹಿಡಿದಿದ್ದರು. ತಪ್ಪು ನನ್ನ ಪದದ್ದು. ಈಗ ‘ಎರಡು ವಾರಕ್ಕೊಮ್ಮೆ, ಶನಿವಾರ’ ಅಥವಾ ‘ತಿಂಗಳ 1 ಮತ್ತು 16ರಂದು’ ಎಂದು ಬಿಡಿಸಿಯೇ ಬರೆಯುತ್ತೇನೆ.

‘ದಶಕ’ ಸುಲಭ, ‘1990ರ ದಶಕ’ ಎಂದರೆ ಯಾರಿಗೂ ಅನುಮಾನ ಬರುವುದಿಲ್ಲ. ‘ಕಳೆದ ದಶಕದ ಬೆಲೆ’ ಎಂದಾಗ ಮಾತ್ರ ಈಚಿನ ಹತ್ತು ವರ್ಷವೋ 2010ರಿಂದ 2019ರವರೆಗೋ ಎಂದು ಮೂಲ ನೋಡಿ, ಹಾಗೆಯೇ ಬರೆಯುತ್ತೇನೆ.

ಬೆಳೆಗಾರರ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ‘ಸೆಮಿಸ್ಟರ್’ಗೆ ‘ಅರ್ಧವಾರ್ಷಿಕ’ ಎಂದು ಹಾಕಿ ನೋಡಿದೆ. ಪದದ ಮೂಲಾರ್ಥ ಆರು ತಿಂಗಳೇ. ಆದರೆ ಕಾಲೇಜಿನ ಹುಡುಗಿಯೊಬ್ಬಳು “ಅಕ್ಕಾ, ಅದು ಹೈಸ್ಕೂಲಿನ ಪರೀಕ್ಷೆ ಅಲ್ವಾ?” ಎಂದಳು. ಮೂರನೇ ಸೆಮಿಸ್ಟರನ್ನು ‘ಮೂರನೇ ಅರ್ಧವರ್ಷ’ ಎಂದು ಬರೆದರೆ ಅವಳ ಅಂಕಪಟ್ಟಿಗೂ ಅರ್ಜಿಗೂ ತಾಳೆಯಾಗುವುದಿಲ್ಲ. ಸೆಮಿಸ್ಟರ್ ಎಂದೇ ಉಳಿಸಿದೆ.

ಈಗ ಪ್ರತಿ ಕರಡನ್ನೂ ಬೆಳೆಗಾರರೊಬ್ಬರಿಗೆ ಫೋನಿನಲ್ಲಿ ಓದಿ ಹೇಳುತ್ತೇನೆ. ಅರ್ಥವಾಯಿತೇ ಎಂದು ಕೇಳುವುದಿಲ್ಲ, ಎಲ್ಲರೂ ಆಯಿತು ಎಂದೇ ಹೇಳುತ್ತಾರೆ. “ಇವತ್ತು ಮಾಡಿದರೆ ಮತ್ತೆ ಯಾವತ್ತು ಮಾಡ್ತೀರಿ?” ಎಂದು ಕೇಳುತ್ತೇನೆ. ಅವರು ಹೇಳಿದ ತಾರೀಕು ಮೂಲದ ಲೆಕ್ಕಕ್ಕೆ ಕೂಡಿಬಂದರೆ ಮಾತ್ರ ಕರಡು ಅಚ್ಚಿಗೆ ಹೋಗುತ್ತದೆ.