ಒಂದೂ ಮಾತಿಲ್ಲದೆ ಮೂರು ಪಾಠ: ನನ್ನ ಟ್ಯುಟೋರಿಯಲ್ ಲೆವೆಲ್ ಕಟ್ಟಿದ ಬಗೆ

ನಾನು ಮಾಡುತ್ತಿದ್ದದ್ದು ಒಂದು 2D ಪ್ಲಾಟ್‌ಫಾರ್ಮರ್ ಗೇಮ್. ಆಟಗಾರರಿಗೆ ಮೊದಲ ಲೆವೆಲ್‌ನಲ್ಲೇ ಮೂರು ವಿಷಯ ಗೊತ್ತಾಗಬೇಕಿತ್ತು. ಬಟನ್ ಒತ್ತಿ ಹಿಡಿದರೆ ಜಂಪ್ ಎತ್ತರವಾಗುತ್ತದೆ. ಗೋಡೆಯನ್ನು ಒದ್ದು ಮತ್ತೆ ಹಾರಬಹುದು, ಅಂದರೆ ವಾಲ್ ಜಂಪ್. ಗಾಳಿಯಲ್ಲಿರುವಾಗ ಒಂದು ಸಲ ಮುಂದಕ್ಕೆ ನುಗ್ಗಬಹುದು, ಅಂದರೆ ಡ್ಯಾಶ್. ಪರದೆ ಮೇಲೆ ಒಂದು ಪದವೂ ಬರಬಾರದು, ಪಾಠ ಕಲಿಯುವಾಗ ಯಾರೂ ಸಾಯಲೂಬಾರದು ಅಂತ ನಿರ್ಧರಿಸಿದ್ದೆ.

ಕೆಲಸ ಮಾಡುತ್ತಾ ಮಾಡುತ್ತಾ ನನಗೆ ಸ್ಪಷ್ಟವಾದದ್ದು ಇದು: ಪಾಠ ಹೇಳುವುದು ಗೆಲುವಲ್ಲ, ಸೋಲು. ಅದರಲ್ಲೂ ಎಷ್ಟು ದೂರದಿಂದ ಸೋತೆವು ಅನ್ನೋದು. ಕೂದಲೆಳೆಯಲ್ಲಿ ತಪ್ಪಿದರೆ ಆಟಗಾರರು ಅದನ್ನೇ ಇನ್ನೂ ಜೋರಾಗಿ ಮಾಡುತ್ತಾರೆ. ತುಂಬಾ ದೂರದಿಂದ ತಪ್ಪಿದರೆ ಆ ದಾರಿ ಬಿಟ್ಟು ಬೇರೆ ಏನನ್ನೋ ಹುಡುಕುತ್ತಾರೆ. ಯಾವ ಕೋಣೆಯಲ್ಲಿ ಯಾವ ಸೋಲು ಬೇಕು ಅಂತ ತೀರ್ಮಾನವಾದರೆ ಟೈಲ್‌ಗಳ ಲೆಕ್ಕ ತಾನಾಗಿ ಬರುತ್ತದೆ.

ಮೊದಲು ಅಳತೆ ಹೇಳಿಬಿಡುತ್ತೇನೆ. ಟೈಲ್ 16 ಪಿಕ್ಸೆಲ್, ಪರದೆ 320×180. ಅಂದರೆ ಅಡ್ಡಕ್ಕೆ 20 ಟೈಲ್, ಎತ್ತರಕ್ಕೆ 11 ಚಿಲ್ಲರೆ. ಪಾತ್ರದ ಎತ್ತರ 1 ಟೈಲ್. ಬಟನ್ ಸುಮ್ನೆ ತಟ್ಟಿದರೆ ಜಂಪ್ 1.6 ಟೈಲ್, ಪೂರ್ತಿ ಹಿಡಿದರೆ 3.6. ಪೂರ್ತಿ ಜಂಪ್‌ನಲ್ಲಿ ಅಡ್ಡಕ್ಕೆ ದಾಟಬಹುದಾದ ದೂರ 5 ಟೈಲ್. ಡ್ಯಾಶ್ ಸೇರಿಸಿದರೆ 9. ಈ ಅಂಕಿಗಳನ್ನು ಗಟ್ಟಿ ಮಾಡಿಕೊಳ್ಳದೆ ಲೆವೆಲ್ ಮುಟ್ಟಲೇಬಾರದು. ಆಮೇಲೆ ಜಂಪ್ ಸ್ವಲ್ಪ ಬದಲಾದರೂ ಎಲ್ಲ ಕೋಣೆಗಳೂ ಬೇರೆ ಪಾಠ ಹೇಳಲು ಶುರು ಮಾಡುತ್ತವೆ.

ಮೊದಲ ಕೋಣೆ ಸರಳ. ಪಾತ್ರ ಪರದೆಯ ಎಡಬದಿಯಲ್ಲಿ, ಬಲಕ್ಕೆ ಮುಖ ಮಾಡಿ ನಿಂತಿದೆ. ಬೆನ್ನ ಹಿಂದೆ ಗೋಡೆ, ಮುಂದೆ ಖಾಲಿ ಜಾಗ. ಎತ್ತ ಹೋಗಬೇಕು ಅನ್ನೋ ಪ್ರಶ್ನೆಯೇ ಏಳುವುದಿಲ್ಲ. ಮೊದಲು 1 ಟೈಲ್ ಮೆಟ್ಟಿಲು, ಅದಕ್ಕೆ ಹೇಗೆ ಒತ್ತಿದರೂ ಸಾಕು. ಆಮೇಲೆ 3 ಟೈಲ್ ಗೋಡೆ. ಬಟನ್ ತಟ್ಟುವವರು ಅರ್ಧಕ್ಕೆ ಹೋಗಿ ವಾಪಸ್ ಅದೇ ಜಾಗಕ್ಕೆ ಬೀಳುತ್ತಾರೆ. ನಷ್ಟ ಒಂದು ಸೆಕೆಂಡೂ ಇಲ್ಲ.

ಒತ್ತಿ ಹಿಡಿಯಬೇಕು ಅಂತ ಅವರಿಗೆ ಹೇಗೆ ಹೊಳೆಯುತ್ತದೆ? ಯಾರೂ ಪ್ರತಿ ಸಲ ಬಟನ್ ಅನ್ನು ಒಂದೇ ಅಳತೆಗೆ ಒತ್ತುವುದಿಲ್ಲ. ನಾಲ್ಕಾರು ಸಲ ಹಾರಿದರೆ ಒಂದು ಸಲ ಬೆರಳು ಕೊಂಚ ಜಾಸ್ತಿ ಹೊತ್ತು ನಿಲ್ಲುತ್ತದೆ. ಆಗ ಪಾತ್ರ ಎದ್ದು ಕಾಣುವಷ್ಟು ಮೇಲೆ ಹೋಗಬೇಕು. ಅದಕ್ಕೇ ತಟ್ಟುವ ಜಂಪ್‌ಗೂ ಹಿಡಿಯುವ ಜಂಪ್‌ಗೂ ಎರಡು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ ಇಟ್ಟೆ. ನಾನು ಬಳಸುವ ಗೇಮ್ ಎಂಜಿನ್ ಗೊಡೊದಲ್ಲಿ ಇದಕ್ಕೆ ಬೇಕಾದದ್ದು ಎರಡೇ ಸಾಲು:

```gdscript
if Input.is_action_just_released("jump") and velocity.y < 0:
    velocity.y *= 0.4
```

ಮೇಲೇರುತ್ತಿರುವಾಗ ಬೆರಳು ತೆಗೆದರೆ ವೇಗ 40%ಕ್ಕೆ ಇಳಿಯುತ್ತದೆ. ಈ ಅಂಕಿ 0.8ರ ಹತ್ತಿರ ಇದ್ದರೆ ಎರಡು ಜಂಪ್‌ಗಳೂ ಕಣ್ಣಿಗೆ ಒಂದೇ ಥರ ಕಾಣುತ್ತವೆ, ಪಾಠ ಅಲ್ಲಿಗೇ ಮುಗಿಯಿತು.

ನಾನು ಅತಿ ಹೆಚ್ಚು ತಲೆ ಕೆಡಿಸಿಕೊಂಡದ್ದು ಎರಡನೇ ಕೋಣೆಗೆ. ಪ್ಲಾಟ್‌ಫಾರ್ಮರ್ ಆಡದವರ ತಲೆಯಲ್ಲಿ ವಾಲ್ ಜಂಪ್ ಅನ್ನೋ ಕಲ್ಪನೆಯೇ ಇರುವುದಿಲ್ಲ. ಅದನ್ನು ಅವರಾಗಿಯೇ ಊಹಿಸಲಿ ಅಂತ ಕಾಯುವ ಹಾಗಿಲ್ಲ. ಅದು ಆಕಸ್ಮಿಕವಾಗಿ ನಡೆಯಬೇಕು, ಮತ್ತು ಆ ಆಕಸ್ಮಿಕವನ್ನು ನಾನೇ ಏರ್ಪಾಡು ಮಾಡಬೇಕು.

ಕೋಣೆ ಒಂದು ಬಾವಿಯ ಹಾಗಿದೆ. ಮುಂದೆ ನಡೆದವರು ಅದರೊಳಗೆ ಬೀಳಲೇಬೇಕು, ವಾಪಸ್ ಹೋಗಲು ಆಗುವುದಿಲ್ಲ. ಕೆಳಗೆ ಗಟ್ಟಿ ನೆಲ. ಹೊರಗೆ ಹೋಗುವ ದಾರಿ ಬಲಕ್ಕೆ, 7 ಟೈಲ್ ಮೇಲೆ. ಬಲಗೋಡೆಗೆ ಅಂಟಿದ ಹಾಗೆ 5 ಟೈಲ್ ಎತ್ತರದಲ್ಲಿ ಒಂದು ನಾಣ್ಯ ಇಟ್ಟೆ. ಪೂರ್ತಿ ಜಂಪ್ ಮಾಡಿದರೆ ತಲೆ ಅದಕ್ಕಿಂತ ಸುಮಾರು ಅರ್ಧ ಟೈಲ್ ಕೆಳಗೆ ನಿಲ್ಲುತ್ತದೆ. ಇಲ್ಲಿ ನನಗೆ ಬೇಕಾದದ್ದು ಕೂದಲೆಳೆಯ ಸೋಲು.

ಏನಾಗುತ್ತದೆ ನೋಡಿ. ಆಟಗಾರರು ನಾಣ್ಯಕ್ಕಾಗಿ ಹಾರುತ್ತಾರೆ, ಸ್ವಲ್ಪದರಲ್ಲಿ ತಪ್ಪುತ್ತದೆ. ಮತ್ತೆ ಹಾರುತ್ತಾರೆ, ಈ ಸಲ ಬಲಬಾಣವನ್ನೂ ಗಟ್ಟಿಯಾಗಿ ಒತ್ತಿರುತ್ತಾರೆ. ಗೋಡೆಗೆ ಒತ್ತಿಕೊಂಡ ಪಾತ್ರ ಧಡಕ್ಕನೆ ಬೀಳದೆ ನಿಧಾನವಾಗಿ ಜಾರುತ್ತದೆ, ಕೈಯಿಂದ ಧೂಳು ಏಳುತ್ತದೆ. ಗೋಡೆಗೆ ಹಿಡಿತ ಇದೆ ಅಂತ ಅಲ್ಲಿಗೆ ಗೊತ್ತಾಯಿತು. ಇನ್ನು ಸ್ವಲ್ಪದರಲ್ಲಿ ತಪ್ಪಿಸಿಕೊಂಡವರು ಮಾಡುವುದು ಒಂದೇ, ಜಂಪ್ ಬಟನ್ ಅನ್ನು ಮೇಲಿಂದ ಮೇಲೆ ಕುಟ್ಟುವುದು. ಜಾರುತ್ತಿರುವಾಗ ಕುಟ್ಟಿದ ಒಂದು ಏಟಿಗೆ ಪಾತ್ರ ಗೋಡೆ ಒದ್ದು ಎದುರು ಗೋಡೆಗೆ ಹಾರುತ್ತದೆ. ಆ ಕ್ಷಣದಲ್ಲಿ ಆಡುತ್ತಿದ್ದವರು ಬೆನ್ನು ನೆಟ್ಟಗೆ ಮಾಡಿ ಕೂರುವುದನ್ನು ನೋಡಿದ್ದೇನೆ.

ಆದರೆ ಆ ಒದೆತ ಪ್ರಯೋಜನಕ್ಕೆ ಬರಬೇಕಾದರೆ ಬಾವಿಯ ಅಗಲ ಸರಿ ಇರಬೇಕು. 5 ಟೈಲ್ ಅಗಲದಲ್ಲಿ ಪರೀಕ್ಷಿಸಿದಾಗ ಪಾತ್ರ ಎದುರು ಗೋಡೆ ಮುಟ್ಟುವ ಮೊದಲೇ ಕೆಳಗೆ ಬರುತ್ತಿತ್ತು. ಆಡುವವರಿಗೆ ಅದು ಉಪಯೋಗವಿಲ್ಲದ ಚಲನೆ ಅನ್ನಿಸಿ, ಮತ್ತೆ ಅದರ ತಂಟೆಗೇ ಹೋಗಲಿಲ್ಲ. 3 ಟೈಲ್‌ಗೆ ಇಳಿಸಿದ ಮೇಲೆ ಯಾವ ಬಾಣ ಒತ್ತಿದ್ದರೂ ಎದುರು ಗೋಡೆ ಸಿಗುತ್ತದೆ. ಇದರ ಹಿಂದೆ ಇನ್ನೊಂದು ಸಣ್ಣ ಸಹಾಯವೂ ಇದೆ. ಹೊಸಬರು ಒದ್ದ ಮೇಲೂ ಗೋಡೆಯ ಕಡೆಗೇ ಬಾಣ ಒತ್ತಿ ಹಿಡಿದಿರುತ್ತಾರೆ. ಹಾಗಾಗಿ ಒದ್ದ ನಂತರ 0.15 ಸೆಕೆಂಡು ಆ ದಿಕ್ಕಿನ ಬಾಣವನ್ನು ಗೇಮ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗೋಡೆ ಬಿಟ್ಟ ಮೇಲೂ 6 ಫ್ರೇಮ್, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ, ಜಂಪ್ ಒತ್ತಿದರೆ ಅದು ವಾಲ್ ಜಂಪ್ ಅಂತಲೇ ಆಗುತ್ತದೆ.

ಆಕಸ್ಮಿಕವಾಗಿ ಹೊರಗೆ ಬಂದವರು ಕಲಿತಿದ್ದಾರೆ ಅಂತ ಅಲ್ಲ. ಅದಕ್ಕೇ ಹೊರಗೆ ಬಂದ ಕೂಡಲೇ ಎರಡನೇ ಬಾವಿ. ಇದರ ಎತ್ತರ 9 ಟೈಲ್, ದಾರಿ ಎಡಕ್ಕೆ, ನಾಣ್ಯ ಇಲ್ಲ. ಎರಡೂ ಬಾವಿಗಳಲ್ಲಿ ಒಳಗೆ ಬಿದ್ದ ಸಮಯ, ಮೊದಲ ಒದೆತದ ಸಮಯ, ಹೊರಬಿದ್ದ ಸಮಯ ಇಷ್ಟನ್ನು ಲಾಗ್ ಮಾಡಿದೆ. ಎರಡನೆಯದು ಎತ್ತರ ಇದ್ದರೂ ಬೇಗ ಮುಗಿದರೆ ಪಾಠ ತಲೆಗೆ ಹೋಗಿದೆ. ಮೊದಲ ಬಾವಿಯಷ್ಟೇ ಹೊತ್ತು ಹಿಡಿದರೆ ಮೊದಲನೆಯದರಲ್ಲಿ ಬರೀ ಅದೃಷ್ಟ. ಒಂದೇ ಬಾವಿ ಇಟ್ಟು ಎಷ್ಟು ಜನ ದಾಟಿದರು ಅಂತ ಎಣಿಸಿದ್ದರೆ ಈ ವ್ಯತ್ಯಾಸ ಕಾಣುತ್ತಲೇ ಇರಲಿಲ್ಲ.

ಮೂರನೇ ಕೋಣೆಗೆ ಇದರ ತದ್ವಿರುದ್ಧ ಸೋಲು ಬೇಕು. ಎದುರಿಗೆ 7 ಟೈಲ್ ಅಗಲದ ಕಂದಕ. ಜಂಪ್ ದಾಟುವುದು 5. ಕಂದಕ 5.5 ಟೈಲ್ ಇದ್ದಿದ್ದರೆ ಎಲ್ಲರೂ ತಮ್ಮ ಟೈಮಿಂಗ್ ಸರಿ ಇಲ್ಲ ಅಂದುಕೊಂಡು ಅಂಚಿಗೆ ಇನ್ನಷ್ಟು ಹತ್ತಿರದಿಂದ ಹಾರುತ್ತಲೇ ಇರುತ್ತಿದ್ದರು. 2 ಟೈಲ್ ಪೂರ್ತಿ ಕಡಿಮೆ ಬಿದ್ದರೆ ಇದು ಜಂಪ್‌ನಿಂದ ಆಗುವ ಕೆಲಸವಲ್ಲ ಅಂತ ಒಂದೆರಡು ಬೀಳುವಿಕೆಯಲ್ಲೇ ಅರ್ಥವಾಗುತ್ತದೆ.

ಹಾಗಾದರೆ ಏನು ಮಾಡಬೇಕು ಅಂತ ತೋರಿಸಲು ಒಂದು ಪುಟ್ಟ ಪ್ರಾಣಿಯನ್ನು ಬಿಟ್ಟೆ. ಆಟಗಾರರು ಹತ್ತಿರ ಬಂದಾಗ ಅದು ಹಾರಿ, ಗಾಳಿಯಲ್ಲಿ ಒಂದು ಕ್ಷಣ ನಿಂತು, ಬಿಳಿ ಗೆರೆ ಎಳೆದ ಹಾಗೆ ನುಗ್ಗಿ ಆಚೆ ಸೇರುತ್ತದೆ. ಈ ಉಪಾಯ ಹಳೆಯದು. 1994ರ ಸೂಪರ್ ಮೆಟ್ರಾಯ್ಡ್‌ನಲ್ಲಿ ಎಟಕೂನ್ ಅನ್ನೋ ಪ್ರಾಣಿಗಳು ಗೋಡೆ ಒದ್ದು ಹತ್ತುವುದನ್ನು ಮಾಡಿ ತೋರಿಸುತ್ತವೆ, ಡಾಕೋರಾ ಅನ್ನೋ ಹಕ್ಕಿ ಇನ್ನೊಂದು ಚಲನೆ ತೋರಿಸುತ್ತದೆ.

ಕಂದಕದ ತಳ 4 ಟೈಲ್ ಕೆಳಗೆ. ಅಲ್ಲಿಂದ ಎಡಕ್ಕೆ ಒಂದು ಸುರಂಗ, ಅದರ ಕೊನೆಯಲ್ಲಿ 3 ಟೈಲ್ ಅಗಲದ ಚಿಕ್ಕ ಬಾವಿ. ಒಂದು ಜಂಪ್, ಒಂದು ಒದೆತ, ಮತ್ತೆ ಕಂದಕದ ಈಚೆ ದಡಕ್ಕೆ ಬಂದಾಯಿತು. ಬಾವಿಯ ಬಾಯಿಗೆ ಕೆಳಗಿಂದ ಮಾತ್ರ ತೂರಬಹುದಾದ ಹಲಗೆ ಇದೆ, ಹಾಗಾಗಿ ಮೇಲೆ ನಡೆಯುವವರು ಅದರೊಳಗೆ ಬೀಳುವುದಿಲ್ಲ. ಇಡೀ ಲೆವೆಲ್‌ನಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಮೂರನೇ ಪಾಠದಲ್ಲಿ ಬಿದ್ದಾಗಲೆಲ್ಲ ಎರಡನೇ ಪಾಠದ ಅಭ್ಯಾಸ ಆಗುತ್ತದೆ. ಆದರೆ ವಾಪಸ್ ಬರುವ ದಾರಿ ಐದು ಸೆಕೆಂಡು ಮೀರಬಾರದು. ಮೀರಿದರೆ ಅದು ಅಭ್ಯಾಸವಾಗಿ ಉಳಿಯುವುದಿಲ್ಲ, ಶಿಕ್ಷೆ ಆಗುತ್ತದೆ. ಜನ ಹಾರಲು ಹಿಂಜರಿಯುತ್ತಾರೆ.

ಹಿಂಜರಿಕೆಗೆ ಇನ್ನೊಂದು ಕಾರಣ ಪ್ಲೇಟೆಸ್ಟ್‌ನಲ್ಲಿ ಕಂಡಿತು. ಕಂದಕದ ಒಳಗೆ ಹಿನ್ನೆಲೆ ಕಪ್ಪಗಿತ್ತು, ತಳ ಪರದೆಯ ಕೆಳಗೆ ಅಡಗಿತ್ತು. ಬಿದ್ದರೆ ಏನೂ ಆಗುವುದಿಲ್ಲ ಅನ್ನೋದು ನನಗೆ ಗೊತ್ತು, ಅವರಿಗೆ ಗೊತ್ತಿಲ್ವಲ್ಲ! ಅಂಚಿನಲ್ಲೇ ನಿಂತು ಹಿಂದೆ ಮುಂದೆ ಓಡಾಡುತ್ತಿದ್ದರು. ಅಂಚಿಗೆ ಬಂದಾಗ ಕ್ಯಾಮೆರಾ 2 ಟೈಲ್ ಕೆಳಗಿಳಿಯುವ ಹಾಗೆ ಮಾಡಿ, ತಳಕ್ಕೆ ಬೆಳಕು, ಹುಲ್ಲು ಹಾಕಿದೆ. ಆಮೇಲೆ ಯಾರೂ ಅಲ್ಲಿ ನಿಲ್ಲಲಿಲ್ಲ.

ಅನುಭವಿಗಳಿಂದ ಬೇರೆಯೇ ವಿಷಯ ಗೊತ್ತಾಯಿತು. ಅವರು ಕಂದಕದ ತಳದಿಂದ ಬಲಗೋಡೆಯೊಂದನ್ನೇ ಒದ್ದು, ಗಾಳಿಯಲ್ಲಿ ತಿರುಗಿ ಬಂದು, ಡ್ಯಾಶ್ ಇಲ್ಲದೆಯೇ ಆಚೆ ದಡ ಹತ್ತಿಬಿಟ್ಟರು. ಬಲದಂಡೆಯ ತುದಿಯಲ್ಲಿ ಒಂದು ಟೈಲ್ ಹೊರಚಾಚಿದ ಮೇಲೆ ಆ ಕಳ್ಳದಾರಿ ಮುಚ್ಚಿತು. ಉಳಿದಂತೆ ಅನುಭವಿಗಳನ್ನು ಕೂರಿಸಿ ಟ್ಯುಟೋರಿಯಲ್ ಪರೀಕ್ಷಿಸುವುದು ದಂಡ, ಅವರಿಗೆ ಎಲ್ಲ ಮೊದಲೇ ಬರುತ್ತದೆ. ಬೇಕಾದದ್ದು ಈ ಥರದ ಗೇಮ್ ಆಡದವರು. ಅವರೂ ಒಬ್ಬೊಬ್ಬರು ಒಂದೇ ಸಲಕ್ಕೆ, ಯಾಕೆಂದರೆ ಎರಡನೇ ಸಲ ಕೂತಾಗ ಅವರು ಹೊಸಬರಲ್ಲ.

ನಾಲ್ಕನೇ ಕೋಣೆಯಲ್ಲಿ ಮಾತ್ರ ನಿಜವಾದ ಅಪಾಯ: ಒಂದು ಬಾವಿ ಹತ್ತಿ, ಅದರ ತುದಿಯಿಂದಲೇ 7 ಟೈಲ್ ಕಂದಕ ದಾಟಬೇಕು, ಕೆಳಗೆ ಮುಳ್ಳು. 1985ರ ಸೂಪರ್ ಮಾರಿಯೊ ಬ್ರದರ್ಸ್‌ನ 1-1ರಲ್ಲಿ ಕೊನೆಯ ಹತ್ತಿರ ಎರಡು ಜೋಡಿ ಮೆಟ್ಟಿಲುಗಳಿವೆ. ಮೊದಲ ಜೋಡಿಯ ನಡುವೆ ನೆಲ ಇದೆ, ಎರಡನೆಯದರ ನಡುವೆ ಗುಂಡಿ. ಆಕಾರ ಅದೇ, ಬೆಲೆ ಮಾತ್ರ ಬೇರೆ. ನಾನೂ ಅಗಲವನ್ನು ಒಂದು ಟೈಲ್ ಕೂಡ ಬದಲಿಸಲಿಲ್ಲ.

ಇನ್ನು ಬಟನ್ ವಿಷಯ. ಪ್ರಾಣಿ ಚಲನೆಯನ್ನು ತೋರಿಸುತ್ತದೆ, ಬಟನ್ ಯಾವುದು ಅಂತ ತೋರಿಸುವುದಿಲ್ಲ. ಕಂಟ್ರೋಲರ್‌ನಲ್ಲಿ ಬಲ ಹೆಬ್ಬೆರಳಿನ ಕೆಳಗೆ ನಾಲ್ಕೇ ಬಟನ್, ಎರಡನ್ನು ಜಂಪ್‌ಗೂ ಎರಡನ್ನು ಡ್ಯಾಶ್‌ಗೂ ಕೊಟ್ಟೆ. ತಡಕಾಡಿದರೆ ಸಿಕ್ಕೇ ಸಿಗುತ್ತದೆ. ಕೀಬೋರ್ಡ್‌ನಲ್ಲಿ ಜನ ತಡಕಾಡುವುದಿಲ್ಲ, ಅಲ್ಲಿ ಲೇಔಟ್‌ನ ಶಕ್ತಿ ಮುಗಿಯುತ್ತದೆ. ಜಂಪ್‌ಗೆ Space, Z, W, ಮೇಲ್ಬಾಣ ಎಲ್ಲವನ್ನೂ ಕೊಟ್ಟು ದಾಟಿಸಬಹುದು, ಡ್ಯಾಶ್‌ಗೆ ಅಷ್ಟು ಸಾಲದು. ಹಾಗಾಗಿ ಮೂರನೇ ಕೋಣೆಯಲ್ಲಿ 20 ಸೆಕೆಂಡು ಡ್ಯಾಶ್ ಒತ್ತದೇ ಇದ್ದವರಿಗೆ ಮಾತ್ರ, ಪ್ರಾಣಿ ಹಾರುವ ಜಾಗದ ಹಿಂದಿನ ಗೋಡೆ ಮೇಲೆ Shift ಕೀಲಿಯ ಚಿತ್ರ ನಿಧಾನವಾಗಿ ಮೂಡುತ್ತದೆ. ಕೀಲಿ ಮೇಲೆ ಅಕ್ಷರದ ಬದಲು ಅದರ ಮೇಲ್ಮುಖ ಬಾಣದ ಗುರುತು ಮಾತ್ರ ಇಟ್ಟಾಗ ಕೆಲವರು ಅದನ್ನು ಮೇಲ್ಬಾಣ ಅಂದುಕೊಂಡು ಜಂಪ್ ಮಾಡಿದರು. ಈಗ ಕೀಬೋರ್ಡ್‌ನ ಎಡ ಮೂಲೆಯ ತುಂಡೊಂದನ್ನೇ ಬರೆದು, ಅದರಲ್ಲಿ ಆ ಒಂದು ಅಗಲದ ಕೀಲಿಗೆ ಮಾತ್ರ ಬಣ್ಣ ತುಂಬಿದ್ದೇನೆ. ಪ್ರಾಣಿ ನುಗ್ಗಿದಾಗಲೆಲ್ಲ ಅದು ಒತ್ತಿದ ಹಾಗೆ ಒಳಗಿಳಿಯುತ್ತದೆ.