ಬೊಟ್ಟು, ತಟ್ಟೆ, ಡಬ್ಬಿ: ಇನ್, ಆನ್, ಆ್ಯಟ್ ಕಲಿಸಿದ ನನ್ನ ಅನುಭವ

ಹಾವೇರಿಯಲ್ಲಿ ಸಂಜೆ ಇಂಗ್ಲಿಷ್ ಬ್ಯಾಚ್ ನಡೆಸುತ್ತೇನೆ. ಮಕ್ಕಳೆಲ್ಲ ಕನ್ನಡ ಮಾಧ್ಯಮದವರು. ತಟ್ಟೆ, ಡಬ್ಬಿ ಹಿಡಿದು ಪಾಠ ಮಾಡ್ತೀನಿ ಅಂದಾಗ ಜೊತೆಯ ಮೇಷ್ಟ್ರುಗಳು, "ಪ್ರಿಪೊಸಿಷನ್ ಬಾಯಿಪಾಠ ಮಾಡಿಸೋದು ಬಿಟ್ಟು ಬೇರೆ ದಾರಿ ಇಲ್ಲ ಸರ್" ಅಂದಿದ್ದರು. ಈಗ ಅವರಲ್ಲಿಬ್ಬರು ಬಂದು ಪಾಠ ನೋಡಿಕೊಂಡು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನೂ ಎಲ್ಲರ ಹಾಗೆ ತ್ರಿಕೋನದ ಚಾರ್ಟ್ ಹಾಕಿದ್ದೆ. ದೊಡ್ಡದಕ್ಕೆ ಇನ್, ನಡುವಿನದಕ್ಕೆ ಆನ್, ಚಿಕ್ಕದಕ್ಕೆ ಆ್ಯಟ್. ಫ್ಲೆಕ್ಸ್ ಮಾಡಿಸಲು ಸುಮಾರು ಸಾವಿರ ರೂಪಾಯಿ ಆಯಿತು. ಅದೇ ಲೆಕ್ಕದಲ್ಲಿ ಅಭ್ಯಾಸ ಪುಸ್ತಕ ಅಚ್ಚು ಹಾಕಿಸಿದ್ದಕ್ಕೆ ಇನ್ನೊಂದು ನಾಲ್ಕು ಸಾವಿರ. ಎರಡನೇ ವಾರ ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ಕಾರಿಗಿಂತ ಬಸ್ಸು ದೊಡ್ಡದಲ್ವಾ? ಮತ್ತೆ ಇನ್ ದ ಕಾರ್, ಆನ್ ದ ಬಸ್ ಅಂತ ಯಾಕೆ?" ಚಾರ್ಟ್ ಅಲ್ಲಿಗೇ ಬಿದ್ದುಹೋಯಿತು. ಪುಸ್ತಕಗಳಲ್ಲಿ ಅರ್ಧ ರದ್ದಿಗೆ ಹೋದವು.

ಆಮೇಲೆ ಕನ್ನಡದಿಂದ ಹೊರಟು ನೋಡಿದೆ. ನಮಗೆ "ಅಲ್ಲಿ" ಒಂದೇ ಸಾಕು: ಮನೆಯಲ್ಲಿ, ಬಸ್ಸಲ್ಲಿ, ಜೂನಲ್ಲಿ. ಅದರಿಂದ ದಾರಿ ಸಿಗಲಿಲ್ಲ. ಆನ್ ಅಂದರೆ "ಮೇಲೆ" ಅಂತ ಹೇಳಿಕೊಟ್ಟೆ. ಒಬ್ಬ "ದ ಫ್ಯಾನ್ ಈಸ್ ಆನ್ ಮೈ ಹೆಡ್" ಅಂತ ಬರೆದ. ತಪ್ಪು ಅವನದಲ್ಲ, ತಲೆ ಮೇಲೆ ಫ್ಯಾನ್ ಇದೆ ಅಂತಲೇ ನಾವು ಹೇಳುವುದು. ಆ ತಿಂಗಳು ಇಪ್ಪತ್ತೆರಡು ಮಕ್ಕಳಲ್ಲಿ ಒಂಬತ್ತು ಜನ ಬಿಟ್ಟರು. ತಲೆಗೆ ಆರುನೂರು ಫೀಸು, ಲೆಕ್ಕ ಹಾಕಿ.

ಹೀಗಾದ ಮೇಲೆ ಒಂದು ದಿನ ಮನೆಯಿಂದ ಒಂದು ಸ್ಟೀಲ್ ತಟ್ಟೆ, ಒಂದು ಡಬ್ಬಿ, ಒಂದು ಹಾಳೆ ಸ್ಟಿಕರ್ ಬೊಟ್ಟು ತಂದೆ. ತಟ್ಟೆಯ ಮೇಲೆ ಒಂದು ಬೊಟ್ಟು ಅಂಟಿಸಿದೆ. ಆನ್ ದ ಪ್ಲೇಟ್. ತಟ್ಟೆ ಮಗುಚಿ ತಲೆಗಿಂತ ಎತ್ತರಕ್ಕೆ ಹಿಡಿದೆ. ಬೊಟ್ಟು ಈಗ ಕೆಳಗಿದೆ, ಆದರೂ ಆನ್. ಸೂರಿಗೆ ಕೂತ ಹಲ್ಲಿಗೂ, ಗೋಡೆಯ ಗಡಿಯಾರಕ್ಕೂ ಆನ್ ಬರುವುದು ಹೀಗೆ. ಮುಖ್ಯವಾದದ್ದು ತಾಗಿರುವುದು, ಮೇಲಿರುವುದಲ್ಲ. ತಾಗದ ಫ್ಯಾನಿಗೆ ಓವರ್.

ಇನ್ ಅಂದರೆ ಡಬ್ಬಿ, ಸುತ್ತಲೂ ಗೋಡೆ ಇದೆ ಅಂತ ನೋಡುವುದು. ಆ್ಯಟ್ ಅಂದರೆ ಬೊಟ್ಟು, ಒಳಗೇನಿದೆ ಅಂತ ಯೋಚಿಸದೆ ಒಂದು ಗುರುತು ಇಡುವುದು. ಹಾಗಾಗಿ ಜಾಗದ ಗಾತ್ರ ಕೇಳಬೇಡಿ, ಈ ವಾಕ್ಯದಲ್ಲಿ ಅದನ್ನು ಏನಾಗಿ ನೋಡ್ತಿದ್ದೀರಿ ಅಂತ ಕೇಳಿ. ಹಾವೇರಿಯನ್ನೇ ತಗೊಳ್ಳಿ. ನಾನು ಇರುವುದು ಇನ್ ಹಾವೇರಿ, ಬೀದಿ, ಮನೆ, ಸಂತೆ ಎಲ್ಲ ಅದರೊಳಗೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲು ನಿಲ್ಲುವುದು ಆ್ಯಟ್ ಹಾವೇರಿ, ರೈಲಿಗೆ ನಮ್ಮೂರು ದಾರಿಯ ಒಂದು ಬೊಟ್ಟು. ಫೋನಿನ ಮ್ಯಾಪ್ ಹಿಗ್ಗಿಸಿ, ಕುಗ್ಗಿಸಿ ತೋರಿಸುವುದನ್ನೂ ಮಾಡಿ ನೋಡಿದೆ. ಚೆನ್ನಾಗಿಯೇ ನಡೆಯಿತು, ಆದರೆ ಹುಡುಗರು ಅವರವರ ಮನೆ ಹುಡುಕುತ್ತಾ ಕೂತರು. ಬಿಟ್ಟೆ.

ಬಸ್ಸಿನ ಪ್ರಶ್ನೆಗೂ ಉತ್ತರ ಸಿಕ್ಕಿತು. ಬಸ್ಸು, ರೈಲು, ವಿಮಾನದ ಒಳಗೆ ಎದ್ದು ಓಡಾಡಬಹುದು, ಕಾಲಡಿಯ ನೆಲವೇ ತಟ್ಟೆ. ಕಾರು, ಆಟೋದಲ್ಲಿ ಮುದುರಿ ಕೂರಬೇಕು, ಅದು ಡಬ್ಬಿ. ಬೈಕಿಗೆ, ಸೈಕಲ್ಲಿಗೆ ಗೋಡೆಯೇ ಇಲ್ಲ, ಮೇಲೆ ಕೂರುವುದು, ಹಾಗಾಗಿ ಆನ್.

ಹೊತ್ತಿಗೂ ಇದೇ ಸಾಮಾನು ಸಾಕು. ಗಡಿಯಾರದ ಮುಳ್ಳು ತೋರಿಸುವುದು ಬೊಟ್ಟು: ಆ್ಯಟ್ ಐದೂವರೆ. ಕ್ಯಾಲೆಂಡರಿನ ಒಂದು ದಿನ ತಟ್ಟೆ, ಕೆಲಸವನ್ನು ಅದರ ಮೇಲೆ ಇಡುತ್ತೇವೆ: ಆನ್ ಮಂಡೇ. ತಿಂಗಳು, ವರ್ಷ, ಮಳೆಗಾಲ ಡಬ್ಬಿಗಳು. ಜಾಸ್ತಿ ಎಡವುವುದು ಬೆಳಿಗ್ಗೆಯಲ್ಲಿ. ಬರೀ ಬೆಳಿಗ್ಗೆ ಅಂದರೆ ಇನ್ ದ ಮಾರ್ನಿಂಗ್. ಸೋಮವಾರ ಬೆಳಿಗ್ಗೆ ಅಂದರೆ ಆನ್ ಮಂಡೇ ಮಾರ್ನಿಂಗ್. ದಿನದ ಹೆಸರು ಬಂದರೆ ತಟ್ಟೆಯೇ ಗೆಲ್ಲುತ್ತದೆ. ಹೊತ್ತಿನ ಪದಕ್ಕೆ ಮುಂಚೆ ನೆಕ್ಸ್ಟ್, ಲಾಸ್ಟ್, ದಿಸ್ ಬಂದರೆ ಇನ್, ಆನ್, ಆ್ಯಟ್ ಮೂರನ್ನೂ ಕೈಬಿಡಿ.

ಇಂಟರ್‌ವ್ಯೂಗೆ ತಯಾರಾಗುತ್ತಿದ್ದ ಒಬ್ಬನ ವಾಕ್ಯ ಹೀಗಿತ್ತು: "ಐ ವಾಸ್ ಬಾರ್ನ್ ಇನ್ 14 ಜೂನ್ ಆ್ಯಟ್ ಹಾವೇರಿ ಡಿಸ್ಟ್ರಿಕ್ಟ್." ತಾರೀಖು ಏನು ಅಂತ ಕೇಳಿದೆ, ತಟ್ಟೆ ಎತ್ತಿದ. ಜಿಲ್ಲೆ? ಡಬ್ಬಿ. ಆಸ್ಪತ್ರೆಯ ಹೆಸರೂ ಸೇರಿಸು ಅಂದೆ. ಸ್ವಲ್ಪ ಯೋಚಿಸಿ ಬೊಟ್ಟು ತೋರಿಸಿದ. ಬಾಯಿಂದ ಆನ್, ಇನ್, ಆ್ಯಟ್ ತಾನಾಗೇ ಬಂತು. ಇಪ್ಪತ್ತು ಖಾಲಿ ಜಾಗ ತುಂಬುವ ಟೆಸ್ಟಿನಲ್ಲಿ ಒಂಬತ್ತು, ಹತ್ತು ಬರುತ್ತಿದ್ದ ಬ್ಯಾಚಿಗೆ ಈಗ ಹದಿನಾರರ ಆಸುಪಾಸು ಬರುತ್ತಿದೆ. ಖರ್ಚು ಬೊಟ್ಟಿನ ಹಾಳೆಗೆ ಹತ್ತು ರೂಪಾಯಿ. ಮೊದಲ ದಿನ ನಾನು ಕೇಳುವ ಏಳು ಪ್ರಶ್ನೆಗಳನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಬ್ಯಾಚ್ ನಡೆಯುವುದೇ ಅದರಿಂದ.

ಆ್ಯಟ್ ನೈಟ್ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಬೆಳಿಗ್ಗೆ, ಸಂಜೆ ಡಬ್ಬಿಯಾದರೆ ರಾತ್ರಿ ಯಾಕೆ ಬೊಟ್ಟು ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಸುಮ್ನೆ ಏನೋ ಕಾರಣ ಹೊಸೆದು ಹೇಳುವುದಿಲ್ಲ. ಇದೊಂದನ್ನು ಬಾಯಿಪಾಠ ಮಾಡಿ ಅಂತಲೇ ಹೇಳುತ್ತೇನೆ.