3x + 2y ಅಂದರೆ ಮೂರು ಗಿರ್ಮಿಟ್, ಎರಡು ಮಿರ್ಚಿ ಅಲ್ಲ

ಎಂಟನೇ ತರಗತಿಗೆ ಬಂದ ಮಕ್ಕಳಿಗೆ ಬೀಜೋಕ್ತಿ ಶುರು ಮಾಡುವ ಮೊದಲು ನಾನು ಒಂದು ಸಣ್ಣ ಚೀಟಿ ಕೊಡುತ್ತೇನೆ. ಹತ್ತು ನಿಮಿಷದ ಕೆಲಸ, ಅಂಕ ಇರುವುದಿಲ್ಲ. ಅದರಲ್ಲಿ ಮೂರೇ ಪ್ರಶ್ನೆ. ಒಂದನೆಯದು: ಪೆನ್ನು ಒಂದಕ್ಕೆ p ರೂಪಾಯಿ, ನೋಟ್‌ಬುಕ್ ಒಂದಕ್ಕೆ n ರೂಪಾಯಿ, 3p + 2n ಏನನ್ನು ಹೇಳುತ್ತದೆ? ಎರಡನೆಯದು: ತರಗತಿಯಲ್ಲಿ ಪ್ರತಿ ಬೆಂಚಿಗೆ 3 ಮಕ್ಕಳು ಕೂತಿದ್ದಾರೆ, ಬೆಂಚುಗಳ ಸಂಖ್ಯೆ b, ಮಕ್ಕಳ ಸಂಖ್ಯೆ c ಆದರೆ ಇವೆರಡರ ಸಂಬಂಧ ಬರೆಯಿರಿ. ಮೂರನೆಯದು: L + M + N = L + P + N ಎಂಬುದು ಯಾವಾಗಲೂ ಸರಿಯೋ, ಕೆಲವೊಮ್ಮೆ ಸರಿಯೋ, ಎಂದಿಗೂ ಸರಿಯಲ್ಲವೋ?

ಹುಬ್ಬಳ್ಳಿಯ ಕನ್ನಡ ಮಾಧ್ಯಮದ ತರಗತಿಯಲ್ಲಿ ಬರುವ ಉತ್ತರಗಳು ಹೆಚ್ಚುಕಡಿಮೆ ಒಂದೇ ತೆರ. ಮೊದಲನೆಯದಕ್ಕೆ "ಮೂರು ಪೆನ್, ಎರಡು ನೋಟ್‌ಬುಕ್". ಎರಡನೆಯದಕ್ಕೆ 3c = b. ಮೂರನೆಯದಕ್ಕೆ "ಎಂದಿಗೂ ಇಲ್ಲರೀ, ಅಕ್ಷರನ ಬ್ಯಾರೆ ಅದಾವಲ್ಲ". ಮೂರು ಪ್ರಶ್ನೆ ಬೇರೆ ಬೇರೆಯಾಗಿ ಕಂಡರೂ ತಪ್ಪಿನ ಬೇರು ಒಂದೇ. ಮಗುವಿನ ಕಣ್ಣಿಗೆ ಅಕ್ಷರ ಒಂದು ಸಂಖ್ಯೆಯಲ್ಲ, ಒಂದು ವಸ್ತು. p ಅಂದರೆ ಪೆನ್ನೇ, c ಅಂದರೆ ಮಕ್ಕಳೇ. ವಸ್ತು ಬೇರೆಯಾದ ಮೇಲೆ M ಮತ್ತು P ಸಮವಾಗುವ ಮಾತೇ ಇಲ್ಲ.

ಇದು ನಮ್ಮ ಭಾಗದ ಮಕ್ಕಳ ದೋಷವೇನಲ್ಲ. 1970ರ ದಶಕದಲ್ಲಿ ಇಂಗ್ಲೆಂಡಿನ ಶಾಲಾ ಮಕ್ಕಳ ಉತ್ತರಗಳನ್ನು ಅಧ್ಯಯನ ಮಾಡಿದ ಡೀಟ್‌ಮಾರ್ ಕುಚೆಮನ್, ಮಕ್ಕಳು ಅಕ್ಷರವನ್ನು ಆರು ರೀತಿಯಲ್ಲಿ ಬಳಸುತ್ತಾರೆಂದು ವಿಂಗಡಿಸಿದರು. ಅದರಲ್ಲಿ 'ಅಕ್ಷರವೇ ವಸ್ತು' ಎಂಬುದೂ ಒಂದು. ನನ್ನ ಚೀಟಿಯ ಮೂರನೇ ಪ್ರಶ್ನೆ ಆ ಅಧ್ಯಯನದ್ದೇ. ಬೆಂಚಿನ ಪ್ರಶ್ನೆಯಂಥದ್ದನ್ನೇ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ಕೊಟ್ಟಾಗ ಎಂಜಿನಿಯರಿಂಗ್ ಓದುವವರಲ್ಲೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ತಪ್ಪು ಬರೆದಿದ್ದರು, ಅವರಲ್ಲಿ ಹೆಚ್ಚಿನವರದು ಇದೇ ತಿರುವುಮುರುವು. ಅಂದರೆ ವಯಸ್ಸಾದಂತೆ ತಾನಾಗಿ ಸರಿಹೋಗುವ ತಪ್ಪು ಇದಲ್ಲ.

ತಪ್ಪನ್ನು ಬಿತ್ತುವುದರಲ್ಲಿ ಪಾಠದ್ದೂ ಪಾಲಿದೆ. ಸಜಾತಿ ಪದ, ವಿಜಾತಿ ಪದ ಹೇಳಿಕೊಡುವಾಗ "a ಅಂದರೆ ಮಾವು, b ಅಂದರೆ ಬಾಳೆ, ಮಾವು ಬಾಳೆ ಕೂಡಿಸೋಕೆ ಬರುತ್ತಾ?" ಎಂದು ಕೇಳುವುದು ರೂಢಿ. ಆ ದಿನದ ಮಟ್ಟಿಗೆ ಕೆಲಸ ಸಲೀಸು, 2a + 3b ಕೂಡುವುದಿಲ್ಲ ಎಂದು ಮಕ್ಕಳು ಒಪ್ಪುತ್ತಾರೆ. ಆದರೆ ಮುಂದಿನ ವಾರ 2a × 3b = 6ab ಬಂದಾಗ ಮಾವನ್ನು ಬಾಳೆಯಿಂದ ಗುಣಿಸುವುದು ಹೇಗೆ? a² ಅಂದರೆ ಯಾವ ಹಣ್ಣು? ಹೀಗಾಗಿ ನನ್ನ ಪಾಠದಲ್ಲಿ ಹಣ್ಣಿನ ಉದಾಹರಣೆಗೆ ಜಾಗವಿಲ್ಲ.

ಪಾಠ ಒಂದು ಪೀರಿಯಡ್ಡಿನದು, 40 ನಿಮಿಷ. ನಾಲ್ಕು ನಾಲ್ಕು ಮಕ್ಕಳ ಗುಂಪು. ಗಿರ್ಮಿಟ್ ಅಂಗಡಿಯ ಒಂದು ಬಿಲ್ಲನ್ನು ಬೋರ್ಡ್ ಮೇಲೆ ಬರೆಯುತ್ತೇನೆ: ಗಿರ್ಮಿಟ್ 3 ಪ್ಲೇಟ್, ಮಿರ್ಚಿ 2. ದರದ ಜಾಗ ಖಾಲಿ. ಪ್ರತಿ ಗುಂಪಿಗೂ ಮಡಚಿದ ಒಂದು ದರದ ಚೀಟಿ ಸಿಗುತ್ತದೆ, ಗುಂಪಿನಿಂದ ಗುಂಪಿಗೆ ದರ ಬೇರೆ. ಒಂದು ಗುಂಪಿಗೆ ಗಿರ್ಮಿಟ್ 30, ಮಿರ್ಚಿ 10. ಇನ್ನೊಂದಕ್ಕೆ 35 ಮತ್ತು 12. ಮತ್ತೊಂದಕ್ಕೆ 25 ಮತ್ತು 15. ಕೊನೆಯದಕ್ಕೆ ಎರಡೂ 20. ಒಟ್ಟು ಕ್ರಮವಾಗಿ 110, 129, 105, 100 ಬರುತ್ತದೆ. ಉತ್ತರದ ಜೊತೆಗೆ ಲೆಕ್ಕದ ಸಾಲನ್ನೂ ಬೋರ್ಡಿಗೆ ತಂದು ಒಂದರ ಕೆಳಗೊಂದು ಬರೆಸಬೇಕು: 3 × 30 + 2 × 10, ಅದರ ಕೆಳಗೆ 3 × 35 + 2 × 12, ಹೀಗೆ. ಬರೀ ಉತ್ತರ ಬರೆಸಿದರೆ ಪಾಠ ಅಲ್ಲಿಗೇ ನಿಲ್ಲುತ್ತದೆ. ಸಾಲುಗಳು ಒಂದರ ಕೆಳಗೊಂದು ಬಂದಾಗ ಮಾತ್ರ 3 ಮತ್ತು 2 ಕದಲುತ್ತಿಲ್ಲ, ಅವುಗಳ ಪಕ್ಕದ ಸಂಖ್ಯೆ ಮಾತ್ರ ಬದಲಾಗುತ್ತಿದೆ ಎಂಬುದು ಕಣ್ಣಿಗೆ ಬೀಳುತ್ತದೆ.

ಆಮೇಲೆ ಕೇಳುವ ಪ್ರಶ್ನೆ: ನಾಳೆ ಅಂಗಡಿಯವರು ಯಾವ ದರ ಇಟ್ಟರೂ ನಡೆಯುವಂಥ ಒಂದು ಸಾಲು ಬರೆಯಿರಿ. ಇದನ್ನು ಮೊದಲು ಮಾತಿನಲ್ಲೇ ಬರೆಸುತ್ತೇನೆ. "ಗಿರ್ಮಿಟ್ ದರಾನ ಮೂರರಿಂದ ಗುಣಿಸಿ, ಮಿರ್ಚಿ ದರಾನ ಎರಡರಿಂದ ಗುಣಿಸಿ, ಎರಡೂ ಕೂಡ್ಸೂದು" ಎಂದು ಯಾರಾದರೂ ಹೇಳುತ್ತಾರೆ. 'ದರ' ಎಂಬ ಮಾತು ಬಂತೋ ಇಲ್ಲವೋ ಎಂದು ಕಿವಿಗೊಟ್ಟು ಕೇಳಬೇಕು. "ಮೂರು ಗಿರ್ಮಿಟ್, ಎರಡು ಮಿರ್ಚಿ ಕೂಡ್ಸೂದು" ಅಂದರೆ ಒಪ್ಪುವುದಿಲ್ಲ. "ನೀ ಕೂಡಿಸಿದ್ದು ಪ್ಲೇಟೋ ರೊಕ್ಕಾನೋ?" ಎಂದು ಕೇಳಿದರೆ ಸಾಕು, ಅವರೇ ತಿದ್ದಿಕೊಳ್ಳುತ್ತಾರೆ.

ಇಷ್ಟಾದ ಮೇಲೆಯೇ ಅಕ್ಷರ. g, m ಬೇಕೆಂದೇ ಬಿಟ್ಟು x, y ತೆಗೆದುಕೊಳ್ಳುತ್ತೇನೆ, ಏಕೆಂದರೆ ಹೆಸರಿನ ಮೊದಲ ಅಕ್ಷರ ಬಳಸಿದರೆ ಮಗು ಅದನ್ನು ಗಿರ್ಮಿಟ್ಟಿನ ಚಿಕ್ಕ ಹೆಸರು ಎಂದೇ ಓದುತ್ತದೆ. ಅಕ್ಷರದ ಪಕ್ಕ ಒಂದು ಪೂರ್ತಿ ವಾಕ್ಯ ಕಡ್ಡಾಯ: "x = ಒಂದು ಪ್ಲೇಟ್ ಗಿರ್ಮಿಟ್ ದರ, ರೂಪಾಯಿಯಲ್ಲಿ". "x = ಗಿರ್ಮಿಟ್" ಎಂದು ಬರೆದರೆ ಅಳಿಸಿ ಮತ್ತೆ ಬರೆಸುತ್ತೇನೆ. ಈ ವಾಕ್ಯದಲ್ಲಿ ದರ, ಸಂಖ್ಯೆ, ಉದ್ದ, ತೂಕ, ವಯಸ್ಸು ಇಂಥ ಎಣಿಸುವ ಅಥವಾ ಅಳೆಯುವ ಒಂದು ಪದ ಇರಲೇಬೇಕು. ವರ್ಷವಿಡೀ ಪಟ್ಟು ಸಡಿಲಿಸದೆ ನಡೆಸಿಕೊಂಡು ಬರಬೇಕಾದ ನಿಯಮ ಇದೊಂದೇ.

ಈಗ ಬೋರ್ಡ್ ಮೇಲೆ 3x + 2y ಇದೆ. ಇದರ ಕೆಳಗೆ 5xy ಎಂದು ಬರೆದು, ಎರಡೂ ಒಂದೇನಾ ಎಂದು ಪ್ರತಿ ಗುಂಪೂ ತನ್ನ ದರ ಹಾಕಿ ನೋಡುತ್ತದೆ. 30 ಮತ್ತು 10ರ ಗುಂಪಿಗೆ ಒಂದು ಕಡೆ 110, ಇನ್ನೊಂದು ಕಡೆ 1500. ವಾದಕ್ಕೆ ಎಡೆಯೇ ಇಲ್ಲ. ಇಲ್ಲಿ ಶಿಕ್ಷಕರು ಸಂಖ್ಯೆಗಳನ್ನು ಜೋಪಾನವಾಗಿ ಆರಿಸಬೇಕು. x = 1, y = 1 ಹಾಕಿದರೆ 3x + 2y ಮತ್ತು 5xy ಎರಡೂ 5 ಆಗಿ ತಪ್ಪೇ ಸರಿಯೆಂದು ಕಾಣುತ್ತದೆ. ಎರಡಕ್ಕೂ 0 ಹಾಕಿದರೂ ಅದೇ ಗತಿ. n + 2 ಮತ್ತು 2n ಹೋಲಿಸುವಾಗ 2 ಅಪಾಯ. ಆದ್ದರಿಂದ ತಾಳೆ ನೋಡಲು 0, 1, 2 ಬಿಟ್ಟು ಬೇರೆ ಸಂಖ್ಯೆ. ಇನ್ನೊಂದು ತಪ್ಪೂ ಇದೇ ಹೊತ್ತಿಗೆ ಹೊರಬೀಳುತ್ತದೆ: x = 30 ಎಂದಾಗ 3x ಅನ್ನು 330 ಎಂದು ಬರೆಯುವುದು. ಪಕ್ಕಪಕ್ಕ ಬರೆದರೆ ಗುಣಾಕಾರ ಎಂಬುದು ಬೀಜಗಣಿತದ ಒಪ್ಪಂದ, ಅಂಕಗಣಿತದಲ್ಲಿ ಪಕ್ಕಪಕ್ಕದ ಅಂಕಿಗಳಿಗೆ ಸ್ಥಾನಬೆಲೆ. ಹಾಗಾಗಿ ಮೊದಲ ಕೆಲವು ದಿನ 3 × x ಎಂದೇ ಬರೆಯಲು ಬಿಡುವುದರಿಂದ ನಷ್ಟವಿಲ್ಲ.

ಎರಡೂ 20 ಬಂದ ಗುಂಪನ್ನು ಕೊನೆಗೆ ಎಬ್ಬಿಸುತ್ತೇನೆ. ಅವರ ಚೀಟಿ ಪ್ರಕಾರ x ಎಷ್ಟು, y ಎಷ್ಟು? "ಎರಡೂ ಇಪ್ಪತ್ತರೀ." ಹಾಗಾದರೆ ಬೇರೆ ಅಕ್ಷರಕ್ಕೆ ಒಂದೇ ಬೆಲೆ ಬರಬಹುದಲ್ಲ? ಇದರ ಬೆನ್ನಿಗೇ L + M + N ಪ್ರಶ್ನೆಯನ್ನು ಮತ್ತೆ ಮುಂದಿಟ್ಟರೆ "M, P ಒಂದಾ ಆದ್ರ ಸರಿ ಬರ್ತೈತ್ರಿ" ಎಂಬ ಉತ್ತರ ಗುಂಪುಗಳಿಂದಲೇ ಬರುತ್ತದೆ. ಆ 20-20ರ ಚೀಟಿ ಇಲ್ಲದೆ ಈ ಮಾತು ಎಷ್ಟು ವಿವರಿಸಿದರೂ ಇಳಿಯುವುದು ಕಷ್ಟ.

ಮರುದಿನ ಬಿಲ್ಲನ್ನು ತಿರುಗಿಸುವುದು. ಈಗ ದರ ಗೊತ್ತು, ಗಿರ್ಮಿಟ್ 30, ಮಿರ್ಚಿ 10, ಒಟ್ಟು 150 ರೂಪಾಯಿ. ಎಷ್ಟೆಷ್ಟು ತಗೊಂಡರು ಗೊತ್ತಿಲ್ಲ. x ಈಗ ಪ್ಲೇಟುಗಳ ಸಂಖ್ಯೆ, y ಮಿರ್ಚಿಗಳ ಸಂಖ್ಯೆ. ಅಕ್ಷರ ಅದೇ, ಅರ್ಥ ಬೇರೆ. ವಾಕ್ಯ ಬರೆಯುವ ನಿಯಮ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹಲವರು x + y = 150 ಎಂದು ಬರೆಯುತ್ತಾರೆ: ಗಿರ್ಮಿಟ್ಟೂ ಮಿರ್ಚಿಯೂ ಕೂಡಿ ನೂರೈವತ್ತು. ಅವರ ವಾಕ್ಯವನ್ನೇ ಓದಿಸಿದರೆ "ಪ್ಲೇಟು, ಮಿರ್ಚಿ ಎಣಿಸಿದರೆ 150" ಎಂದಾಗುತ್ತದೆ, ತಪ್ಪು ಅಲ್ಲೇ ಸಿಗುತ್ತದೆ. ಸರಿಯಾದದ್ದು 30x + 10y = 150. ಇದಕ್ಕೆ ಹೊಂದುವ ಜೋಡಿಗಳನ್ನು ಹುಡುಕಿಸಿದರೆ x 1 ಆದಾಗ y 12, 2ಕ್ಕೆ 9, 3ಕ್ಕೆ 6, 4ಕ್ಕೆ 3, 5ಕ್ಕೆ 0 ಬರುತ್ತದೆ. x ಒಂದೊಂದು ಏರಿದಂತೆ y ಮೂರು ಮೂರು ಇಳಿಯುತ್ತದೆ, ಏಕೆಂದರೆ ಒಂದು ಪ್ಲೇಟ್ ಗಿರ್ಮಿಟ್ಟಿನ ರೊಕ್ಕಕ್ಕೆ ಮೂರು ಮಿರ್ಚಿ. ಚರಾಕ್ಷರ ನಿಜಕ್ಕೂ ಚಲಿಸುವುದನ್ನು ಮಕ್ಕಳು ಕಾಣುವುದು ಈ ಪಟ್ಟಿಯಲ್ಲಿ. ಆಮೇಲೆ "ಒಟ್ಟು 9 ತಗೊಂಡಿದ್ದರು" ಎಂಬ ಇನ್ನೊಂದು ಷರತ್ತು ಸೇರಿಸಿದರೆ 3 ಮತ್ತು 6ರ ಜೋಡಿ ಮಾತ್ರ ಉಳಿಯುತ್ತದೆ. "x ಬೆಲೆ ಕಂಡುಹಿಡಿ" ಎಂಬ ಪ್ರಶ್ನೆಗಳಲ್ಲಿ x ಒಂದೇ ಸಂಖ್ಯೆಯಾಗುವುದು ಷರತ್ತು ಕಟ್ಟಿಹಾಕಿದ್ದಕ್ಕೆ ಎಂಬುದು ಆಗ ಸ್ಪಷ್ಟವಾಗುತ್ತದೆ.

ಬೆಂಚಿನ ಲೆಕ್ಕ ಮಾತ್ರ ಇಷ್ಟಕ್ಕೇ ಬಗ್ಗುವುದಿಲ್ಲ. 3c = b ಎಂದು ಬರೆದ ಮಗು "ಮೂರು ಮಕ್ಕಳಿಗೆ ಒಂದು ಬೆಂಚು" ಎಂದು ಓದುತ್ತಿದೆ, ಆ ಓದು ಅದಕ್ಕೆ ಪೂರ್ತಿ ಸರಿಯಾಗಿ ಕಾಣುತ್ತದೆ. ಕಾರಣವೂ ಇದೆ: 100 ಸೆಂ.ಮೀ = 1 ಮೀ ಎಂದು ನಾವೇ ಚಿಕ್ಕಂದಿನಿಂದ ಬರೆಸಿದ್ದೇವೆ. ಅಲ್ಲಿ ಸೆಂ.ಮೀ, ಮೀ ಎಂಬವು ಅಳತೆಯ ಹೆಸರುಗಳು, ಸಂಖ್ಯೆಗಳಲ್ಲ. ಅದೇ ಅಚ್ಚಿನಲ್ಲಿ ಮಗು 3c = b ಹೊಯ್ದಿದೆ. ಇದನ್ನು ಬಿಡಿಸಲು ಬಟ್ಟೆ ಅಂಗಡಿಯ ಟೇಪ್ ಒಂದನ್ನು ಮೇಜಿನ ಮೇಲಿಟ್ಟು, ಒಂದೇ ಉದ್ದವನ್ನು ಎರಡು ರೀತಿ ಅಳೆಸುತ್ತೇನೆ. ಬೋರ್ಡ್ 2 ಮೀಟರ್, ಅಂದರೆ 200 ಸೆಂ.ಮೀ. ಮೀಟರ್‌ಗಳ ಸಂಖ್ಯೆ m = 2, ಸೆಂಟಿಮೀಟರ್‌ಗಳ ಸಂಖ್ಯೆ k = 200. ಯಾವುದನ್ನು ನೂರರಿಂದ ಗುಣಿಸಬೇಕು? m ಅನ್ನು. ಆದ್ದರಿಂದ k = 100m, 100k = m ಅಲ್ಲ. ಬೆಂಚಿಗೂ ಇದೇ ರೀತಿ 10 ಬೆಂಚು, 30 ಮಕ್ಕಳು ಎಂದು ಹಾಕಿ ನೋಡಿದರೆ 3 × 30 = 90, ಬೆಂಚು ಹತ್ತೇ. c = 3b ಆಗಬೇಕು. "ಯಾವುದು ಕಡಿಮೆ ಇದೆಯೋ ಅದನ್ನು ಗುಣಿಸು" ಎಂಬ ಸೂತ್ರ ಕಲಿಸುವುದಕ್ಕಿಂತ ಹೀಗೆ ಒಂದು ಜೋಡಿ ಸಂಖ್ಯೆ ಹಾಕಿ ನೋಡುವ ಅಭ್ಯಾಸವೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಸೂತ್ರ ಮರೆತುಹೋಗುತ್ತದೆ, ತಾಳೆ ನೋಡುವ ಕೈ ಉಳಿಯುತ್ತದೆ.

ಪಾಠ ಇಳಿದಿದೆಯೋ ಇಲ್ಲವೋ ತಿಳಿಯಲು ಒಂದು ವಾರ ಬಿಟ್ಟು ಅಕ್ಷರ ಬೇಕೆಂದೇ ಅದಲುಬದಲು ಮಾಡಿ ಕೊಡುತ್ತೇನೆ: ಮಿರ್ಚಿ ಒಂದಕ್ಕೆ g ರೂಪಾಯಿ, ಗಿರ್ಮಿಟ್ ಪ್ಲೇಟಿಗೆ m ರೂಪಾಯಿ; 4g + m ಏನು ಹೇಳುತ್ತದೆ, ಮತ್ತು g = 10, m = 30 ಆದರೆ ಅದರ ಬೆಲೆ ಎಷ್ಟು? ಎರಡೂ ಭಾಗ ಕೇಳಲೇಬೇಕು. 70 ಎಂದು ಸರಿಯಾಗಿ ಬರೆದು, ಮೇಲಿನ ಸಾಲಿನಲ್ಲಿ "ನಾಲ್ಕು ಗಿರ್ಮಿಟ್, ಒಂದು ಮಿರ್ಚಿ" ಎಂದು ಬರೆದ ಹಾಳೆಗಳು ಸಿಗುತ್ತವೆ. ಅಕ್ಷರದ ಜಾಗದಲ್ಲಿ ಸಂಖ್ಯೆ ಹಾಕುವುದು ಬರುತ್ತದೆ, ಅಕ್ಷರ ಇನ್ನೂ ವಸ್ತುವಾಗಿಯೇ ಇದೆ. ಅಂಥ ಮಕ್ಕಳನ್ನು ಮತ್ತೆ ದರದ ಚೀಟಿಗೇ ಕರೆದುಕೊಂಡು ಹೋಗಿ, ಈ ಸಲ ಅಂಗಡಿ ಬಿಟ್ಟು ಆಯತದ ಉದ್ದ ಅಗಲದ ಮೇಲೆ ಅದೇ ಹೆಜ್ಜೆಗಳನ್ನು ಹಾಕಿಸುತ್ತೇನೆ: 2l + 2b, ಒಂದು ಗುಂಪಿಗೆ l ಮತ್ತು b ಎರಡೂ 7.